ಮಿನಿಮಮ್ ಗ್ಯಾರಂಟಿ: ಕೊಟ್ಟ ದುಡ್ಡಿಗೂ ಒಂದು ಗಡುವು

ಬಿ.ಕಾಂ. ಓದುವಾಗ ‘ರಾಯಲ್ಟಿ ಅಕೌಂಟ್ಸ್’ ಅಂದರೆ ಕಲ್ಲಿದ್ದಲು ಗಣಿಯ ಲೆಕ್ಕ. ಗಣಿ ಗುತ್ತಿಗೆ ಹಿಡಿದವನು ಟನ್ನಿಗೆ ಇಷ್ಟು ಎಂದು ಭೂಮಾಲೀಕನಿಗೆ ಕೊಡಬೇಕು. ಅಗೆದದ್ದು ಕಡಿಮೆಯಾದರೂ ವರ್ಷಕ್ಕೆ ಒಂದು ಕನಿಷ್ಠ ಮೊತ್ತ ತಪ್ಪುವುದಿಲ್ಲ. ಹಾಗೆ ಹೆಚ್ಚಾಗಿ ಕೊಟ್ಟ ದುಡ್ಡಿಗೆ ಪಠ್ಯದಲ್ಲಿ ಶಾರ್ಟ್ ವರ್ಕಿಂಗ್ಸ್ ಎಂಬ ಹೆಸರು. ಮುಂದೆ ಉತ್ಪಾದನೆ ಹೆಚ್ಚಾದಾಗ ಅದನ್ನು ಮುರಿದುಕೊಳ್ಳಬಹುದು. ಪರೀಕ್ಷೆಯಲ್ಲಿ ಹದಿನೈದು ಅಂಕಕ್ಕೆ ಬರುತ್ತಿದ್ದ ಆ ಲೆಕ್ಕವನ್ನು ಗಣಿಯಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದೆ. ಹಲವು ವರ್ಷಗಳ ಮೇಲೆ ಅದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ, ಮಕ್ಕಳ ಸ್ಕೂಲ್ ಬ್ಯಾಗಿನ ರೂಪದಲ್ಲಿ ಮತ್ತೆ ಎದುರಾಯಿತು.

ನಾನು ಲೆಕ್ಕ ನೋಡುತ್ತಿದ್ದ ಆ ಕಾರ್ಖಾನೆಯವರು ಮಕ್ಕಳಿಗೆ ಅಚ್ಚುಮೆಚ್ಚಾದ ಒಂದು ಕಾರ್ಟೂನ್ ಪಾತ್ರದ ಚಿತ್ರವನ್ನು ಬ್ಯಾಗಿನ ಮೇಲೆ ಹಾಕಲು ಲೈಸೆನ್ಸ್ ಪಡೆದಿದ್ದರು. ಒಪ್ಪಂದ 2019ರ ಏಪ್ರಿಲ್‌ನಿಂದ ನಾಲ್ಕು ವರ್ಷ. ನಿವ್ವಳ ಮಾರಾಟದ ಮೇಲೆ ಶೇ 8 ರಾಯಲ್ಟಿ, ವರ್ಷಕ್ಕೆ ಕನಿಷ್ಠ 12 ಲಕ್ಷ ರೂಪಾಯಿ. ಒಂದು ವರ್ಷ ರಾಯಲ್ಟಿ 12 ಲಕ್ಷ ಮುಟ್ಟದಿದ್ದರೆ ಆ ಕೊರತೆಯನ್ನು ಮರುವರ್ಷ, ಕನಿಷ್ಠಕ್ಕಿಂತ ಮೇಲೆ ಬಂದ ರಾಯಲ್ಟಿಯಲ್ಲಿ ಮುರಿದುಕೊಳ್ಳಬಹುದು. ಆ ನಾಲ್ಕು ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಕನಿಷ್ಠ ಮೊತ್ತವನ್ನು ಮಾರಾಟದ ಲೆಕ್ಕಕ್ಕೆ ತಿರುಗಿಸಿ ನೋಡಿ

12 ಲಕ್ಷ ಅಂದಾಗ ಮಾಲೀಕರಿಗೆ ಅದು ತಿಂಗಳಿಗೆ ಒಂದು ಲಕ್ಷದ ಬಾಡಿಗೆಯಂತೆ ಕಂಡಿತ್ತು. ಅದನ್ನು ಶೇ 8ರಿಂದ ಭಾಗಿಸಿದರೆ ಬರುವುದು ಒಂದೂವರೆ ಕೋಟಿ. ಅಂದರೆ ವರ್ಷಕ್ಕೆ ಆ ಪಾತ್ರದ ಬ್ಯಾಗುಗಳೇ 1.5 ಕೋಟಿಗೆ ಮಾರಾಟವಾದರೆ ಮಾತ್ರ ರಾಯಲ್ಟಿ ನಿಜಕ್ಕೂ ಶೇ 8. ಮಾರಾಟ 1.1 ಕೋಟಿಯಾದರೆ ಅದೇ 12 ಲಕ್ಷ ಹೆಚ್ಚುಕಡಿಮೆ ಶೇ 11 ಆಗುತ್ತದೆ. 40 ಲಕ್ಷವಾದರೆ ಶೇ 30. ನಮ್ಮ ಯಾವ ಬ್ಯಾಗಿನಲ್ಲೂ ಅಷ್ಟು ಲಾಭ ಇರಲಿಲ್ಲ. ಸಹಿ ಹಾಕುವ ಮುಂಚೆ ಈ ಮೂರು ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದೆ ಇಡಬೇಕಿತ್ತು. ನಾನು ಇಟ್ಟದ್ದು ಸಹಿ ಆದ ಮೇಲೆ.

ಕನಿಷ್ಠ ಮೊತ್ತವನ್ನು ವರ್ಷಕ್ಕೆ ಅಳೆಯುತ್ತಾರೋ, ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೋ ಎಂಬುದೂ ಅಷ್ಟೇ ಮುಖ್ಯ. ನಮ್ಮ ಒಪ್ಪಂದದಲ್ಲಿ ಮೂರು ತಿಂಗಳಿಗೊಮ್ಮೆ 3 ಲಕ್ಷ ಕಟ್ಟಬೇಕಿತ್ತು, ಆದರೆ ಹೋಲಿಕೆ ವರ್ಷದ ಕೊನೆಗೆ. ನನ್ನ ಕೈಗೆ ಬಂದ ಇನ್ನೊಂದು ಕರಡಿನಲ್ಲಿ ಹೋಲಿಕೆಯೇ ಮೂರು ತಿಂಗಳಿಗೊಮ್ಮೆ ಇತ್ತು. ಸ್ಕೂಲ್ ಬ್ಯಾಗು ಋತುವಿನ ವ್ಯಾಪಾರ. ವರ್ಷದ 1.5 ಕೋಟಿಯಲ್ಲಿ 90 ಲಕ್ಷ ಶಾಲೆ ಶುರುವಾಗುವ ಆ ಮೂರು ತಿಂಗಳಲ್ಲೇ ಹೋಗಿ, ಉಳಿದ ಮೂರು ಅವಧಿಗಳಲ್ಲಿ ತಲಾ 20 ಲಕ್ಷ ಹೋಯಿತೆನ್ನಿ. ಮೊದಲ ಅವಧಿಯ ರಾಯಲ್ಟಿ 7.2 ಲಕ್ಷ. ಉಳಿದವುಗಳದ್ದು ತಲಾ 1.6 ಲಕ್ಷ, ಆದರೆ ಕನಿಷ್ಠ 3 ಲಕ್ಷ ಕಟ್ಟಲೇಬೇಕು. ಒಟ್ಟು 16.2 ಲಕ್ಷ! ವರ್ಷದ ಲೆಕ್ಕವಾಗಿದ್ದರೆ 12 ಲಕ್ಷಕ್ಕೆ ಮುಗಿಯುತ್ತಿತ್ತು. ಋತುವಿನ ಸರಕು ಮಾರುವವರು ಹೋಲಿಕೆಯ ಅವಧಿಯನ್ನು ನೋಡದೆ ಸಹಿ ಹಾಕಬಾರದು.

2. ‘ನಿವ್ವಳ ಮಾರಾಟ’ ಎಂಬ ಮಾತನ್ನು ನಿಮ್ಮದೇ ಒಂದು ಬಿಲ್ಲಿನ ಮೇಲೆ ಹಾಕಿ ನೋಡಿ

ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ನಿವ್ವಳ ಮಾರಾಟದ ವಿವರಣೆ ಇರುತ್ತದೆ. ಅದನ್ನು ಓದಿದರೆ ಅರ್ಥವಾದಂತೆ ಅನ್ನಿಸುತ್ತದೆ, ಲೆಕ್ಕ ಹಾಕಲು ಕೂತಾಗ ಪ್ರಶ್ನೆಗಳು ಏಳುತ್ತವೆ. ನಮ್ಮ ಒಪ್ಪಂದದಲ್ಲಿ ಬಿಲ್ಲಿನ ಮೊತ್ತದಿಂದ ಜಿಎಸ್‌ಟಿ, ಬಿಲ್ಲಿನಲ್ಲೇ ತೋರಿಸಿದ ಟ್ರೇಡ್ ಡಿಸ್ಕೌಂಟ್, ನಿಜವಾಗಿ ವಾಪಸ್ ಬಂದ ಸರಕು ಇಷ್ಟನ್ನು ಕಳೆಯಬಹುದಿತ್ತು. ಲಾರಿ ಬಾಡಿಗೆ, ವಸೂಲಾಗದ ಬಾಕಿ, ಜಾಹೀರಾತಿನ ಖರ್ಚು, ಆನ್‌ಲೈನ್ ಮಾರಾಟದ ಕಮಿಷನ್ ಯಾವುದನ್ನೂ ಕಳೆಯುವಂತಿರಲಿಲ್ಲ.

ನಮಗೆ ಪೆಟ್ಟು ಬಿದ್ದದ್ದು ಡೀಲರ್‌ಗಳ ವರ್ಷಾಂತ್ಯದ ಸ್ಕೀಮಿನಲ್ಲಿ. ಇಷ್ಟು ಬ್ಯಾಗು ಎತ್ತಿದರೆ ಇಷ್ಟು ಶೇಕಡಾ ಎಂದು ವರ್ಷದ ಕೊನೆಗೆ ಕ್ರೆಡಿಟ್ ನೋಟ್ ಕೊಡುವ ರೂಢಿ. ಅದು ಬಿಲ್ಲಿನಲ್ಲಿ ಕಾಣುವುದಿಲ್ಲ, ಆದ್ದರಿಂದ ಕಳೆಯುವಂತಿಲ್ಲ. ಕೈಗೆ ಬಾರದ ದುಡ್ಡಿಗೂ ಶೇ 8 ಕಟ್ಟಬೇಕಾಯಿತು. ಮರುವರ್ಷದಿಂದ ಸ್ಕೀಮನ್ನು ಬಿಲ್ಲಿನ ಮೇಲಿನ ಡಿಸ್ಕೌಂಟ್ ಆಗಿ ಬದಲಾಯಿಸಿದೆವು.

ಲೈಸೆನ್ಸ್ ಕೊಟ್ಟವರು ನಿಮ್ಮ ಮಾರಾಟವನ್ನು ಬಿಲ್ಲಿನಿಂದಷ್ಟೇ ಅಳೆಯುವುದಿಲ್ಲ ಎಂಬುದನ್ನೂ ನೆನಪಿಡಿ. ಪ್ರತಿ ಬ್ಯಾಗಿಗೆ ಹಚ್ಚುವ ಹೋಲೋಗ್ರಾಮ್ ಸ್ಟಿಕರನ್ನು ಅವರಿಂದಲೇ ಕೊಳ್ಳಬೇಕಿತ್ತು. ಕೊಂಡ ಸ್ಟಿಕರಿನಲ್ಲಿ ಮಾರಿದ ಬ್ಯಾಗು, ಗೋಡೌನಿನ ಬ್ಯಾಗು, ಹಾಳಾದ ಸ್ಟಿಕರು, ಇನ್ನೂ ಹಚ್ಚದ ಸ್ಟಿಕರು ಎಲ್ಲ ಕಳೆದರೆ ಸೊನ್ನೆ ಬರಬೇಕು. ಬಾರದಿದ್ದರೆ ಆ ವ್ಯತ್ಯಾಸವೂ ಮಾರಾಟವೆಂದೇ ಅವರ ಆಡಿಟರ್ ಹಿಡಿಯುತ್ತಾರೆ. ಹರಿದ ಸ್ಟಿಕರಿಗೂ ಒಂದು ರಿಜಿಸ್ಟರ್ ಇಟ್ಟುಕೊಳ್ಳಿ.

3. ಕೊರತೆಯನ್ನು ಒಂದೇ ಗುಡ್ಡೆ ಹಾಕಬೇಡಿ

ಮೊದಲ ವರ್ಷ, 2019–20ರಲ್ಲಿ, ನಿವ್ವಳ ಮಾರಾಟ 1.10 ಕೋಟಿ. ರಾಯಲ್ಟಿ 8.8 ಲಕ್ಷ. ಕಟ್ಟಿದ್ದು 12 ಲಕ್ಷ. ಕೊರತೆ 3.2 ಲಕ್ಷ. ಪುಸ್ತಕದಲ್ಲಿ 8.8 ಲಕ್ಷವನ್ನು ರಾಯಲ್ಟಿ ಖರ್ಚೆಂದು ಬರೆದು, 3.2 ಲಕ್ಷವನ್ನು ಶಾರ್ಟ್ ವರ್ಕಿಂಗ್ಸ್ ಖಾತೆಗೆ ಹಾಕಿ, ಲೈಸೆನ್ಸ್ ಕೊಟ್ಟವರ ಖಾತೆಗೆ 12 ಲಕ್ಷ ಜಮಾ ಮಾಡಿದೆವು. ಇದು ಮಾರಾಟದ ಮೇಲಿನ ರಾಯಲ್ಟಿಯಾದ್ದರಿಂದ ಮಾರಾಟದ ಖರ್ಚು. ಗೋಡೌನಿನಲ್ಲಿ ಉಳಿದ ಬ್ಯಾಗಿನ ಬೆಲೆಗೆ ಇದನ್ನು ಸೇರಿಸಬಾರದು.

ಕಂಪ್ಯೂಟರಿನಲ್ಲಿ ಶಾರ್ಟ್ ವರ್ಕಿಂಗ್ಸ್ ಎಂದು ಒಂದೇ ಖಾತೆ ತೆರೆದಿದ್ದೆ. ಎರಡನೆಯ ವರ್ಷದ ಕೊರತೆಯೂ ಅದೇ ಖಾತೆಗೆ ಹೋಗಿ ಬಿತ್ತು. ಪ್ರತಿ ವರ್ಷದ ಕೊರತೆಗೂ ಅದರದೇ ಗಡುವು ಇರುವಾಗ ಎಲ್ಲ ಒಂದೇ ಕಡೆ ಸೇರಿದರೆ ಯಾವುದು ಯಾವಾಗ ಕೈಬಿಟ್ಟು ಹೋಗುತ್ತದೆಂದು ಗೊತ್ತಾಗುವುದಿಲ್ಲ. ಈಗ ನಾನು ಕೊರತೆ ಹುಟ್ಟಿದ ವರ್ಷದ ಹೆಸರಿನಲ್ಲೇ ಖಾತೆ ತೆರೆಯುತ್ತೇನೆ, ‘ಶಾರ್ಟ್ ವರ್ಕಿಂಗ್ಸ್ 2019–20’ ಎಂದು. ಪಕ್ಕದಲ್ಲಿ ಅದು ಮುಗಿಯುವ ತಾರೀಖು.

ಯಾವ ವರ್ಷದ ಕೊರತೆಯನ್ನು ಮೊದಲು ಮುರಿದುಕೊಳ್ಳಬೇಕು ಎಂಬುದನ್ನೂ ಕಾಗದದಲ್ಲಿ ಬರೆಸಿಕೊಳ್ಳಬೇಕು. ಹಳೆಯದು ಮೊದಲು ಎಂಬುದು ನಮಗೆ ಸಹಜವೆನಿಸುತ್ತದೆ, ಆದರೆ ಒಪ್ಪಂದ ಸುಮ್ಮನಿದ್ದರೆ ಎದುರಿನವರು ಹೊಸದನ್ನು ಮೊದಲು ಮುರಿದು ಹಳೆಯದನ್ನು ಗಡುವು ಮೀರಲು ಬಿಡಬಹುದು. ಅದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ಮುಂದೆ ಹೇಳುತ್ತೇನೆ.

4. ಕಷ್ಟಕಾಲದಲ್ಲಿ ರಿಯಾಯಿತಿ ಸಿಗದಿದ್ದರೆ ಕಾಲಾವಕಾಶ ಕೇಳಿ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಶಾಲೆಯಿಲ್ಲದ ವರ್ಷ ಸ್ಕೂಲ್ ಬ್ಯಾಗು ಯಾರು ಕೊಳ್ಳುತ್ತಾರೆ? 2020–21ರ ಮಾರಾಟ 40 ಲಕ್ಷ, ರಾಯಲ್ಟಿ 3.2 ಲಕ್ಷ, ಕೊರತೆ 8.8 ಲಕ್ಷ. ಒಪ್ಪಂದದ ಪ್ರಕಾರ ಕೊರತೆ ಮುರಿದುಕೊಳ್ಳಲು ಇದ್ದದ್ದು ಮರುವರ್ಷ ಒಂದೇ. ಅಂದರೆ ಮೊದಲ ವರ್ಷದ 3.2 ಲಕ್ಷ 2021ರ ಮಾರ್ಚ್ 31ಕ್ಕೆ ಮುಳುಗಿ ಹೋಗುವುದು ಖಚಿತವಾಗಿತ್ತು.

ಮಾಲೀಕರು ಕನಿಷ್ಠ ಮೊತ್ತವನ್ನೇ ಮನ್ನಾ ಮಾಡಿ ಎಂದು ಪತ್ರ ಬರೆಸಿದರು. ಒಪ್ಪಂದದ ದೈವಿಕ ಆಪತ್ತಿನ ಷರತ್ತನ್ನು ಬಿಡಿಸಿ ಓದಿದೆ. ಅದರಿಂದ ವರದಿ ಕೊಡುವುದು, ಮಾದರಿ ಕಳಿಸುವುದು ಮುಂತಾದ ಕೆಲಸಗಳಿಗೆ ವಿಳಂಬದ ವಿನಾಯಿತಿ ಸಿಗುತ್ತಿತ್ತು, ದುಡ್ಡು ಕಟ್ಟುವುದಕ್ಕೆ ಮಾತ್ರ ಸಿಗುತ್ತಿರಲಿಲ್ಲ. ಆ ಷರತ್ತಿನ ಕೊನೆಯ ಸಾಲು ಹಾಗೆಂದೇ ಹೇಳುತ್ತಿತ್ತು. ಮುಂಬೈನಲ್ಲಿದ್ದ ಲೈಸೆನ್ಸ್ ಸಂಸ್ಥೆಯವರು ಮನ್ನಾ ಸಾಧ್ಯವಿಲ್ಲ ಎಂದರು. ಅವರೂ ಪಾತ್ರದ ಮೂಲ ಒಡೆಯರಿಗೆ ಒಂದು ಕನಿಷ್ಠ ಮೊತ್ತ ಕಟ್ಟಬೇಕಿತ್ತು. ನಾವು ಕೊಡದಿದ್ದರೆ ಅದು ಅವರ ಕೈಯಿಂದ ಹೋಗುತ್ತಿತ್ತು. ಅವರ ಈ ತೊಡಕು ಅರ್ಥವಾದ ಮೇಲೆ ನಾನು ಮಾಲೀಕರಿಗೆ ಹೇಳಿದೆ, “ಸರ್, ದುಡ್ಡು ಬಿಡಿ ಅನ್ನೋದು ಬೇಡ. ಮುರಿದುಕೊಳ್ಳೋಕೆ ಒಂದು ವರ್ಷದ ಬದಲು ಎರಡು ವರ್ಷ ಕೊಡಿ ಅಂತ ಕೇಳೋಣ.” ಲೈಸೆನ್ಸ್ ಸಂಸ್ಥೆಯವರಿಗೆ ಆ ವರ್ಷ ಬರಬೇಕಾದ ಒಂದು ರೂಪಾಯಿಯೂ ಇದರಿಂದ ಕಡಿಮೆಯಾಗುವುದಿಲ್ಲ. ಮೂರು ವಾರದಲ್ಲಿ ಒಪ್ಪಿದರು.

ಒಪ್ಪಿಗೆ ಬಂದದ್ದು ಇಮೇಲಿನಲ್ಲಿ. ಅಷ್ಟಕ್ಕೆ ನಿಲ್ಲಿಸಲಿಲ್ಲ, ಯಾಕೆಂದರೆ ಎರಡೂ ಕಡೆಯವರು ಸಹಿ ಹಾಕದ ತಿದ್ದುಪಡಿಗೆ ಬೆಲೆಯಿಲ್ಲ ಎಂದು ಒಪ್ಪಂದದಲ್ಲೇ ಇತ್ತು. ಒಂದು ಪುಟದ ತಿದ್ದುಪಡಿ ಪತ್ರ ಮಾಡಿಸಿದೆವು. ಅದರಲ್ಲಿ ಎರಡೇ ವಾಕ್ಯ: ಮೊದಲನೆಯ ವರ್ಷದ್ದೂ ಸೇರಿ ಪ್ರತಿ ವರ್ಷದ ಕೊರತೆಯನ್ನು ಅದರ ನಂತರದ ಎರಡು ವರ್ಷಗಳಲ್ಲಿ ಮುರಿದುಕೊಳ್ಳಬಹುದು, ಹಳೆಯ ಕೊರತೆ ಮೊದಲು.

ಈ ಎರಡು ವಾಕ್ಯಗಳ ಬೆಲೆಯನ್ನು ನಾಲ್ಕು ವರ್ಷ ಮುಗಿದ ಮೇಲೆ ಲೆಕ್ಕ ಹಾಕಿದೆ. ಮೂರನೆಯ ವರ್ಷ ಮಾರಾಟ 1.75 ಕೋಟಿ, ರಾಯಲ್ಟಿ 14 ಲಕ್ಷ. ನಾಲ್ಕನೆಯ ವರ್ಷ 2.75 ಕೋಟಿ, ರಾಯಲ್ಟಿ 22 ಲಕ್ಷ. ಹಳೆಯ ಷರತ್ತೇ ಇದ್ದಿದ್ದರೆ ಮೊದಲ ವರ್ಷದ 3.2 ಲಕ್ಷ ಪೂರ್ತಿ ಹೋಗಿ, ಎರಡನೆಯ ವರ್ಷದ 8.8ರಲ್ಲಿ 2 ಲಕ್ಷ ಮಾತ್ರ ದಕ್ಕಿ, ನಾಲ್ಕು ವರ್ಷಕ್ಕೆ ಒಟ್ಟು 58 ಲಕ್ಷ ಕಟ್ಟುತ್ತಿದ್ದೆವು. ನಿಜವಾಗಿ ಕಟ್ಟಿದ್ದು 49.2 ಲಕ್ಷ. ಇನ್ನು ‘ಹಳೆಯದು ಮೊದಲು’ ಎಂಬ ವಾಕ್ಯ ಇಲ್ಲದೆ, ಮೂರನೆಯ ವರ್ಷದ 2 ಲಕ್ಷವನ್ನು ಹೊಸ ಕೊರತೆಗೆ ಮುರಿದಿದ್ದರೆ 51.2 ಲಕ್ಷ ಆಗುತ್ತಿತ್ತು. ಎರಡು ಲಕ್ಷದ ವಾಕ್ಯ ಅದು.

ಗಣಿ ಗುತ್ತಿಗೆಯ ಅನುಭವವಿರುವ ಬಳ್ಳಾರಿ ಕಡೆಯ ಗೆಳೆಯರೊಬ್ಬರು ಇದನ್ನು ಕೇಳಿ ಆಶ್ಚರ್ಯಪಟ್ಟರು. ಅಲ್ಲಿ 1957ರ ಗಣಿ ಕಾಯ್ದೆಯ ಪ್ರಕಾರ ರಾಜಧನ ಮತ್ತು ಡೆಡ್ ರೆಂಟ್ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಸರ್ಕಾರಕ್ಕೆ ಕಟ್ಟಬೇಕು. ಮುಂದೆ ಮುರಿದುಕೊಳ್ಳುವ ಮಾತೇ ಇಲ್ಲ. ಖಾಸಗಿ ಲೈಸೆನ್ಸಿನಲ್ಲಿ ಆ ಹಕ್ಕು ಇರುವುದು ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ. ಬರೆಯದಿದ್ದರೆ ಇಲ್ಲೂ ಡೆಡ್ ರೆಂಟೇ.

5. ಮುರಿದುಕೊಳ್ಳಬಹುದಾದದ್ದೆಲ್ಲ ಆಸ್ತಿಯಲ್ಲ

2021ರ ಮಾರ್ಚ್ ಕೊನೆಗೆ ಪುಸ್ತಕದಲ್ಲಿ ಶಾರ್ಟ್ ವರ್ಕಿಂಗ್ಸ್ 12 ಲಕ್ಷ ನಿಂತಿತ್ತು. ಅದನ್ನು ಆಸ್ತಿಯ ಕಡೆ ತೋರಿಸಿದರೆ ಬ್ಯಾಲೆನ್ಸ್ ಶೀಟ್ ಚೆಂದ ಕಾಣುತ್ತಿತ್ತು, ಬ್ಯಾಂಕಿನ ಲಿಮಿಟ್ ನವೀಕರಣವೂ ಹತ್ತಿರವಿತ್ತು. “ಕೊಟ್ಟ ದುಡ್ಡು ಮೇಡಂ, ವಾಪಸ್ ಬರೋದೇ. ನಷ್ಟ ಅಂತ ಯಾಕೆ ಬರೀತೀರಿ?” ಎಂದು ಮಾಲೀಕರು ಬೇಸರಪಟ್ಟರು.

ಅದು ವಾಪಸ್ ಬರುವ ದುಡ್ಡಲ್ಲ. ಲೈಸೆನ್ಸ್ ಕೊಟ್ಟವರು ಅದನ್ನು ಎಂದೂ ಹಿಂದಿರುಗಿಸುವುದಿಲ್ಲ. ನಾವು 1.5 ಕೋಟಿಗಿಂತ ಹೆಚ್ಚು ಮಾರಿದಾಗ ಆ ಹೆಚ್ಚಿನ ಭಾಗದ ರಾಯಲ್ಟಿಯನ್ನು ಕಟ್ಟದೆ ಉಳಿಸಿಕೊಳ್ಳುವ ಹಕ್ಕು ಮಾತ್ರ ನಮ್ಮದು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಗಡುವಿನೊಳಗೆ ಅಷ್ಟು ಮಾರುತ್ತೇವೆಂದು ತೋರಿಸಲು ಕೈಯಲ್ಲಿ ಏನಿದೆ? ಮೊದಲ ವರ್ಷದ 3.2 ಲಕ್ಷ ದಕ್ಕಲು 2021–22ರಲ್ಲಿ 1.9 ಕೋಟಿ ಮಾರಬೇಕು. 12 ಲಕ್ಷ ಪೂರ್ತಿ ದಕ್ಕಲು ಎರಡು ವರ್ಷಗಳಲ್ಲಿ ಕನಿಷ್ಠದ 3 ಕೋಟಿಯ ಮೇಲೆ ಇನ್ನೂ ಒಂದೂವರೆ ಕೋಟಿ ಮಾರಬೇಕು. ಅಲ್ಲಿಯವರೆಗೆ ನಾವು ಮಾರಿದ್ದು 1.1 ಕೋಟಿ ಮತ್ತು 40 ಲಕ್ಷ. ಶಾಲೆಗಳು ಯಾವಾಗ ತೆರೆಯುತ್ತವೆಂದು ಯಾರಿಗೂ ಗೊತ್ತಿರಲಿಲ್ಲ. ಡೀಲರ್‌ಗಳ ಆರ್ಡರ್ ಒಂದೂ ಇರಲಿಲ್ಲ.

12 ಲಕ್ಷಕ್ಕೂ ಪ್ರಾವಿಷನ್ ಮಾಡಿದೆ, ಅಂದರೆ ಲಾಭ–ನಷ್ಟದಲ್ಲಿ ಖರ್ಚಾಗಿ ತೋರಿಸಿದೆ. ಮುಂದಿನ ಎರಡು ವರ್ಷಗಳಲ್ಲಿ 10.8 ಲಕ್ಷ ದಕ್ಕಿತು, ಆಗ ಅಷ್ಟನ್ನು ಹಿಂದಕ್ಕೆ ಬರೆದೆ. ಅಂದು ನಾನು ತಪ್ಪು ಮಾಡಿದೆ ಎಂದು ಇಂದಿಗೂ ಅನ್ನಿಸುವುದಿಲ್ಲ. ಪ್ರಾವಿಷನ್ ಮಾಡಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ವರ್ಷವಾರು ಖಾತೆ ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಮಾಲೀಕರಿಗೆ ಬಿಡಿಸಿ ಹೇಳಬೇಕಾಯಿತು ಅಷ್ಟೇ.

6. ಟಿಡಿಎಸ್ ಕಡಿಯುವುದು ಗಳಿಸಿದ ರಾಯಲ್ಟಿಯ ಮೇಲಲ್ಲ

ಮೊದಲ ವರ್ಷ ನಮ್ಮ ಕಚೇರಿಯಲ್ಲೇ ಆದ ತಪ್ಪು ಇದು. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆ 1961ರ 194ಜೆ ಪ್ರಕಾರ ದೇಶದೊಳಗಿನವರಿಗೆ ಕೊಡುವ ಇಂಥ ರಾಯಲ್ಟಿಗೆ ಶೇ 10 ಟಿಡಿಎಸ್ ಇತ್ತು. ನಮ್ಮ ಹುಡುಗ ಖರ್ಚಿನ ಖಾತೆ ನೋಡಿ 8.8 ಲಕ್ಷದ ಮೇಲೆ 88 ಸಾವಿರ ಕಡಿದ. ಆದರೆ ಲೈಸೆನ್ಸ್ ಕೊಟ್ಟವರ ಖಾತೆಗೆ ಜಮಾ ಆದದ್ದು 12 ಲಕ್ಷ. ಕಾನೂನು ನೋಡುವುದು ಜಮಾ ಅಥವಾ ಪಾವತಿ, ಯಾವುದು ಮೊದಲೋ ಅದನ್ನು. ಕಡಿಯಬೇಕಿದ್ದದ್ದು 1.2 ಲಕ್ಷ. ಉಳಿದ 32 ಸಾವಿರವನ್ನು ತಿಂಗಳಿಗೆ ಶೇ 1ರ ಬಡ್ಡಿ ಸೇರಿಸಿ ನಂತರ ಕಟ್ಟಿದೆವು.

ನಾಲ್ಕನೆಯ ವರ್ಷ ಇದರ ಮಗ್ಗುಲು ಬದಲಾಯಿತು. ಖರ್ಚು 22 ಲಕ್ಷ, ಅದರಲ್ಲಿ 8.8 ಲಕ್ಷ ಹಳೆಯ ಕೊರತೆಗೆ ಹೋಯಿತು, ಕಟ್ಟಿದ್ದು 13.2 ಲಕ್ಷ. ಟಿಡಿಎಸ್ ಈ 13.2 ಲಕ್ಷಕ್ಕೆ ಮಾತ್ರ. ಮುರಿದುಕೊಂಡ ಭಾಗಕ್ಕೆ ಎರಡು ವರ್ಷದ ಹಿಂದೆಯೇ ಕಡಿದಾಗಿತ್ತು. ಖರ್ಚಿಗೂ ಟಿಡಿಎಸ್‌ಗೂ ಹೊಂದಾಣಿಕೆ ಇಲ್ಲವೆಂದು ಆಡಿಟರ್ ಕೇಳಿದಾಗ ತೋರಿಸಲು ವರ್ಷವಾರು ಖಾತೆ ಕೈಯಲ್ಲಿತ್ತು. ಜಿಎಸ್‌ಟಿಯೂ ಹಾಗೆಯೇ, ಅವರು ಬಿಲ್ ಮಾಡಿದ ಮೊತ್ತಕ್ಕೆ. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಬೇಡ. ನಮ್ಮ ಒಪ್ಪಂದದ ನಡುವೆಯೇ, 2021ರ ಅಕ್ಟೋಬರ್ 1ರಿಂದ, ಇಂಥ ಲೈಸೆನ್ಸಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಇನ್‌ಪುಟ್ ಕ್ರೆಡಿಟ್ ಸಿಗುವುದರಿಂದ ಅದು ಖರ್ಚಾಗಲಿಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಕೈಯಿಂದ ಹೊರಡುವ ದುಡ್ಡು ಹೆಚ್ಚಾಯಿತು.

7. ಗಡುವಿಗೆ ಎರಡು ತಿಂಗಳು ಇರುವಾಗಲೇ ಲೆಕ್ಕ ತೆಗೆಯಿರಿ

ನನಗೆ ಇಂದಿಗೂ ನೋವು ಕೊಡುವುದು ಮೂರನೆಯ ವರ್ಷದ ಕೊನೆ. 2021ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರಾಜ್ಯದಲ್ಲಿ ತರಗತಿಗಳು ಹಂತಹಂತವಾಗಿ ತೆರೆದವು, ಬ್ಯಾಗು ಮತ್ತೆ ಓಡತೊಡಗಿತು. 2022ರ ಮಾರ್ಚ್ ಮುಗಿದಾಗ ಮಾರಾಟ 1.75 ಕೋಟಿ. ರಾಯಲ್ಟಿ 14 ಲಕ್ಷ, ಅದರಲ್ಲಿ ಕನಿಷ್ಠದ ಮೇಲಿನ 2 ಲಕ್ಷವನ್ನು 2019–20ರ ಕೊರತೆಗೆ ಮುರಿದುಕೊಂಡೆವು. ಉಳಿದ 1.2 ಲಕ್ಷ ಅಂದೇ ಸತ್ತಿತು.

1.2 ಲಕ್ಷವನ್ನು ಶೇ 8ರಿಂದ ಭಾಗಿಸಿದರೆ 15 ಲಕ್ಷ. ಮಾರ್ಚ್ 31ರೊಳಗೆ ಇನ್ನು 15 ಲಕ್ಷದ ಬ್ಯಾಗು ಹೊರಟಿದ್ದರೆ ಅದೂ ದಕ್ಕುತ್ತಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಹುಬ್ಬಳ್ಳಿ, ದಾವಣಗೆರೆಯ ಡೀಲರ್‌ಗಳಿಗೆ 18 ಲಕ್ಷದ ಸರಕು ಹೋಯಿತು! ಆರ್ಡರ್ ಬಂದದ್ದು ಮಾರ್ಚ್ 20ಕ್ಕೆ, ಬ್ಯಾಗುಗಳು ಪ್ಯಾಕ್ ಆಗಿ ಗೋಡೌನಿನಲ್ಲೇ ಇದ್ದವು. ಮಾರ್ಚ್‌ನಲ್ಲಿ ಬಿಲ್ ಮಾಡಿದರೆ ಜಿಎಸ್‌ಟಿ ಒಂದು ತಿಂಗಳು ಮೊದಲೇ ಕಟ್ಟಬೇಕು ಎಂದು ಮಾಲೀಕರು ತಡೆದಿದ್ದರು. ನಾನು ಆ 15 ಲಕ್ಷದ ಲೆಕ್ಕ ತೆಗೆದದ್ದು ಏಪ್ರಿಲ್ 10ಕ್ಕೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮಾರಾಟವನ್ನು ಈ ವರ್ಷಕ್ಕೇ ಎಳೆದುಕೊಂಡರೆ ಮರುವರ್ಷದ ಮಾರಾಟ ಅಷ್ಟೇ ಕಡಿಮೆಯಾಗುತ್ತದೆ. ಮರುವರ್ಷವೂ ಮುರಿದುಕೊಳ್ಳಬೇಕಾದ ಹಳೆಯ ಕೊರತೆ ಇದ್ದು, ಅದಕ್ಕೆ ಸಾಕಾಗುವಷ್ಟು ಮಾರಾಟ ಇಲ್ಲದಿದ್ದರೆ ಇಲ್ಲಿ ಉಳಿದದ್ದು ಅಲ್ಲಿ ಹೋಗುತ್ತದೆ. ನಮ್ಮಲ್ಲಿ ನಾಲ್ಕನೆಯ ವರ್ಷದ 2.75 ಕೋಟಿಯಿಂದ 15 ಲಕ್ಷ ತೆಗೆದರೂ 2.6 ಕೋಟಿ ಉಳಿಯುತ್ತಿತ್ತು, ಅದರ ರಾಯಲ್ಟಿ 20.8 ಲಕ್ಷ. ಕನಿಷ್ಠದ ಮೇಲೆ ಸರಿಯಾಗಿ 8.8 ಲಕ್ಷ. ಎರಡನೆಯ ವರ್ಷದ ಕೊರತೆ ಪೂರ್ತಿ ತೀರಿ, ಒಟ್ಟು 49.2ರ ಬದಲು 48 ಲಕ್ಷಕ್ಕೇ ಮುಗಿಯುತ್ತಿತ್ತು. ಮುಂದಿನ ವರ್ಷ ಕೈಕೊಟ್ಟಿದ್ದರೆ ಈ ಲಾಭ ಇರುತ್ತಿರಲಿಲ್ಲ, ಆದರೆ ನಷ್ಟವೂ ಇರುತ್ತಿರಲಿಲ್ಲ.

ಸರಕು ಹೊರಡದೆ ಬರೀ ಬಿಲ್ ಹರಿಯುವುದು ಬೇರೆ ಮಾತು, ಅದನ್ನು ಮಾಡಲೇಬಾರದು. ಇ-ವೇ ಬಿಲ್ ಮತ್ತು ಲಾರಿ ರಸೀದಿಯ ತಾರೀಖು ಆಡಿಟಿನಲ್ಲಿ ಎದ್ದು ಕಾಣುತ್ತದೆ. ನಾನು ಹೇಳುತ್ತಿರುವುದು ಸಿದ್ಧವಾಗಿರುವ ಸರಕನ್ನು, ಬಂದಿರುವ ಆರ್ಡರಿಗೆ, ವಾರ ಮೊದಲೇ ಕಳಿಸುವುದರ ಬಗ್ಗೆ. ಈಗ ಪ್ರತಿ ವರ್ಷ ಫೆಬ್ರುವರಿ ಮೊದಲ ವಾರ, ಆ ಮಾರ್ಚ್‌ಗೆ ಗಡುವು ಮುಗಿಯುವ ಕೊರತೆ ಎಷ್ಟು, ಅದು ದಕ್ಕಲು ಇನ್ನೆಷ್ಟು ಮಾರಬೇಕು ಎಂದು ಒಂದು ಚೀಟಿ ಬರೆದು ಮಾಲೀಕರಿಗೂ ಡಿಸ್‌ಪ್ಯಾಚ್ ನೋಡಿಕೊಳ್ಳುವವರಿಗೂ ಕೊಡುತ್ತೇನೆ.

8. ಒಪ್ಪಂದ ಮುಗಿಯುವ ದಿನ ಏನಾಗುತ್ತದೆ ಎಂದು ಮೊದಲೇ ಓದಿ

ನಮ್ಮ ಅದೃಷ್ಟಕ್ಕೆ 2023ರ ಮಾರ್ಚ್ 31ಕ್ಕೆ ಯಾವ ಕೊರತೆಯೂ ಉಳಿದಿರಲಿಲ್ಲ. ಉಳಿದಿದ್ದರೆ ಎರಡು ವರ್ಷದ ಗಡುವು ಇನ್ನೂ ಇದೆ ಎನ್ನುವಂತಿರಲಿಲ್ಲ. ಒಪ್ಪಂದದೊಂದಿಗೆ ಅದೂ ಮುಗಿಯುತ್ತಿತ್ತು. ಉಳಿದ ಸರಕು ಮಾರಿಕೊಳ್ಳಲು 90 ದಿನದ ಅವಕಾಶವಿತ್ತು. ಆ ಮಾರಾಟಕ್ಕೆ ಶೇ 8 ಕಟ್ಟಬೇಕು, ಕನಿಷ್ಠದ ಹೊರೆ ಇಲ್ಲ, ಆದರೆ ಹಳೆಯ ಕೊರತೆ ಮುರಿದುಕೊಳ್ಳುವಂತೆಯೂ ಇಲ್ಲ. ನವೀಕರಣದ ಮಾತುಕತೆಗೆ ಕೂತಾಗ ಮಾಲೀಕರು ಶೇ 8ನ್ನು 7ಕ್ಕೆ ಇಳಿಸಲು ಹಟ ಹಿಡಿದಿದ್ದರು. ನಾನು ಕೇಳಿದ್ದು ಬೇರೆ: ಹಿಂದಿನ ಒಪ್ಪಂದದ ಕೊನೆಯ ವರ್ಷ ಕೊರತೆ ಬಿದ್ದರೆ, ನವೀಕರಿಸಿದ ಒಪ್ಪಂದದ ಮೊದಲ ವರ್ಷದಲ್ಲಿ ಅದನ್ನು ಮುರಿದುಕೊಳ್ಳಬಹುದು ಎಂಬ ಒಂದು ಸಾಲು. ಶೇಕಡಾ ಇಳಿಯಲಿಲ್ಲ. ಆ ಸಾಲು ಈಗ ಒಪ್ಪಂದದ ಆರನೆಯ ಪುಟದಲ್ಲಿದೆ.